ಪಾಯಿಂಟ್, ವಿಐಪಿ ಹಂತ, ಖಾಸಗಿ ಮ್ಯಾನೇಜರ್: ಆನ್‌ಲೈನ್ ಕ್ಯಾಸಿನೊ ಲೆಕ್ಕ ಬಿಡಿಸಿ ನೋಡೋಣ

ಲಾಯಲ್ಟಿ ಯೋಜನೆ ಗಿರಾಕಿಯ ಖರ್ಚನ್ನು ಹೇಗೆ ಏರಿಸುತ್ತದೆ ಎಂದು ಕಲಿಯಲು ಆನ್‌ಲೈನ್ ಕ್ಯಾಸಿನೊ ಒಳ್ಳೆಯ ಉದಾಹರಣೆ. ವಿಮಾನ ಕಂಪನಿಯಲ್ಲೋ ಹೋಟೆಲಿನಲ್ಲೋ ಒಂದು ಪಾಯಿಂಟ್‌ಗೆ ಗಿರಾಕಿ ನಿಜವಾಗಿ ಎಷ್ಟು ತೆತ್ತ ಎಂದು ಹೇಳುವುದು ಕಷ್ಟ. ಕ್ಯಾಸಿನೊದಲ್ಲಿ ಹಾಗಲ್ಲ. ಪ್ರತಿ ಆಟಕ್ಕೂ ಹೌಸ್ ಎಡ್ಜ್ ಎಂಬ ನಿಗದಿತ ಪ್ರಮಾಣವಿದೆ, ಅಂದರೆ ಇಟ್ಟ ಪಣದಲ್ಲಿ ಸರಾಸರಿ ಎಷ್ಟು ಪಾಲು ಕಂಪನಿಗೆ ಉಳಿಯುತ್ತದೆ ಎಂಬ ಲೆಕ್ಕ. ಅದು ಗೊತ್ತಿದ್ದರೆ ಪಾಯಿಂಟ್‌ನ ಬೆಲೆಯನ್ನು ಕಾಗದದ ಮೇಲೇ ತೂಗಿ ನೋಡಬಹುದು. ಮುಂದಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು. ಯಾವ ದೇಶದ ಹಣವನ್ನಾದರೂ ಅಲ್ಲಿ ಹಾಕಿಕೊಳ್ಳಿ, ಅನುಪಾತ ಬದಲಾಗುವುದಿಲ್ಲ.

ಮೊದಲು ಗಮನಿಸಬೇಕಾದ್ದು: ಪಾಯಿಂಟ್ ಬರುವುದು ಖಾತೆಗೆ ಹಾಕಿದ ಹಣಕ್ಕಲ್ಲ, ಸೋತ ಹಣಕ್ಕೂ ಅಲ್ಲ, ಸಾಮಾನ್ಯವಾಗಿ ಇಟ್ಟ ಪಣದ ಒಟ್ಟು ಮೊತ್ತಕ್ಕೆ. ಹೌಸ್ ಎಡ್ಜ್ 4% ಇರುವ ಒಂದು ಸ್ಲಾಟ್ ಆಟ ಎಂದುಕೊಳ್ಳಿ. 10ರ ಪಣಕ್ಕೆ 1 ಪಾಯಿಂಟ್, 100 ಪಾಯಿಂಟ್‌ಗೆ 1 ಹಣ ವಾಪಸ್. ಆಟಗಾರ 1,000 ಡೆಪಾಸಿಟ್ ಮಾಡಿ, ಗೆದ್ದದ್ದನ್ನು ಮತ್ತೆ ಮತ್ತೆ ಪಣಕ್ಕಿಟ್ಟು ಎಲ್ಲವೂ ಮುಗಿಯುವವರೆಗೆ ಆಡಿದರೆ, ಅಷ್ಟರಲ್ಲಿ ಸರಾಸರಿ 25,000 ಪಣ ಓಡಿರುತ್ತದೆ, ಏಕೆಂದರೆ 25,000ದ 4% ಎಂದರೆ 1,000. ಪರದೆಯ ಮೇಲೆ 2,500 ಪಾಯಿಂಟ್ ಹೊಳೆಯುತ್ತಿರುತ್ತದೆ. ಅದರ ಬೆಲೆ 25. ಅಂದರೆ ಹೋದ ಹಣದಲ್ಲಿ ಶೇಕಡಾ ಎರಡೂವರೆ ಭಾಗ ಮಾತ್ರ ಮರಳಿದೆ. ಹಣವನ್ನು ನೇರವಾಗಿ ಕೊಡದೆ ಪಾಯಿಂಟ್ ಆಗಿ ಕೊಡುವುದಕ್ಕೆ ಕಾರಣ ಇಲ್ಲೇ ಇದೆ: 2,500 ಎಂಬ ಸಂಖ್ಯೆ 25ಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಮತ್ತು ಸೋತ ದಿನವೂ ಅದು ಏರುತ್ತಲೇ ಇರುತ್ತದೆ. ಬ್ಯಾಲೆನ್ಸ್ ಇಳಿಯುವಾಗ ಪಕ್ಕದಲ್ಲೇ ಏರುವ ಸಂಖ್ಯೆಯೊಂದಿದ್ದರೆ ನಷ್ಟದ ಅನುಭವವೇ ಮಂಕಾಗುತ್ತದೆ.

ಈಗ ಹಂತಗಳ ವಿಷಯ. ಹೆಚ್ಚು ಹಣ ಎಳೆಯುವುದು ಈ ಭಾಗ, ಆದ್ದರಿಂದ ಇದನ್ನು ನಿಧಾನವಾಗಿ ನೋಡೋಣ.

ಬಹುತೇಕ ಯೋಜನೆಗಳಲ್ಲಿ ಎರಡು ಬಗೆಯ ಪಾಯಿಂಟ್ ಇರುತ್ತವೆ. ಒಂದನ್ನು ಹಣವಾಗಿ ಬದಲಿಸಬಹುದು. ಇನ್ನೊಂದು ಹಂತವನ್ನು ತೀರ್ಮಾನಿಸಲು ಮಾತ್ರ, ಅವಧಿ ಮುಗಿದ ಕೂಡಲೇ ಅದು ಸೊನ್ನೆಗೆ ಇಳಿಯುತ್ತದೆ. ಸಿಲ್ವರ್‌ನಿಂದ ಗೋಲ್ಡ್‌ಗೆ ಏರಲು ತಿಂಗಳಿಗೆ 5,000 ಹಂತ-ಪಾಯಿಂಟ್ ಬೇಕು, ಗೋಲ್ಡ್‌ನಲ್ಲಿ ಹಣವಾಗುವ ಪಾಯಿಂಟ್ ಒಂದೂವರೆ ಪಟ್ಟು ಎಂದುಕೊಳ್ಳಿ. ಆಟಗಾರನೊಬ್ಬ ತಾನಾಗಿಯೇ ಆಡಿದರೆ ತಿಂಗಳಿಗೆ 42,000 ಪಣ ಇಡುವವನು, ಅಂದರೆ 4,200 ಪಾಯಿಂಟ್. ತಿಂಗಳ ಕೊನೆಯ ವಾರ ಅವನಿಗೆ ‘ಇನ್ನು 800 ಪಾಯಿಂಟ್ ಸಾಕು, ನೀವು ಗೋಲ್ಡ್’ ಎಂಬ ಸಂದೇಶ ಬರುತ್ತದೆ. 800 ಪಾಯಿಂಟ್ ಎಂದರೆ 8,000 ಪಣ, ಸರಾಸರಿ 320 ನಷ್ಟ. ಅದನ್ನು ತೆತ್ತು ಮೇಲೇರಿದವನು ಮುಂದಿನ ತಿಂಗಳು ಹಳೆಯ 42,000 ಅನ್ನೇ ಆಡಿದರೆ 4,200ರ ಬದಲು 6,300 ಪಾಯಿಂಟ್ ಸಿಗುತ್ತದೆ. ಹೆಚ್ಚುವರಿ 2,100 ಪಾಯಿಂಟ್‌ನ ಬೆಲೆ 21. 320 ಕೊಟ್ಟು 21 ಪಡೆದಂತಾಯಿತು, ಅದೂ ಒಂದೇ ತಿಂಗಳಿಗೆ, ಏಕೆಂದರೆ 42,000ಕ್ಕೆ ನಿಂತರೆ ಮತ್ತೆ ಸಿಲ್ವರ್‌ಗೇ ಇಳಿಯುತ್ತಾನೆ. ಗೋಲ್ಡ್ ಉಳಿಸಿಕೊಳ್ಳಲು ಪ್ರತಿ ತಿಂಗಳೂ 50,000 ಆಡಬೇಕು. ಆಗ ಸರಾಸರಿ ನಷ್ಟ 1,680ರಿಂದ 2,000ಕ್ಕೆ ಏರುತ್ತದೆ, ಪಾಯಿಂಟ್‌ನಿಂದ ಮರಳುವುದು 42ರಿಂದ 75ಕ್ಕೆ. ಕಂಪನಿ 33 ಬಿಟ್ಟುಕೊಟ್ಟು 320 ಹೆಚ್ಚು ಗಳಿಸಿತು.

ಇಷ್ಟು ಸರಳ ಲೆಕ್ಕ ಗೊತ್ತಿದ್ದವರೂ ಆ 800ರ ಬೆನ್ನು ಹತ್ತುವುದೇಕೆ? ಗುರಿ ಹತ್ತಿರವಾದಷ್ಟೂ ಓಟ ಜೋರಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1930ರ ದಶಕದಲ್ಲೇ ಇಲಿಗಳ ಮೇಲಿನ ಪ್ರಯೋಗಗಳ ಮೂಲಕ ವಿವರಿಸಿದ್ದರು. ಗಿರಾಕಿಗಳಿಗೆ ಹೆಚ್ಚು ಹತ್ತಿರದ ಪ್ರಯೋಗ 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೆಝ್ ಪ್ರಕಟಿಸಿದ್ದು. ಕಾರು ತೊಳೆಯುವ ಅಂಗಡಿಯಲ್ಲಿ ಕೆಲವರಿಗೆ 8 ಮುದ್ರೆ ಬೇಕಾದ ಕಾರ್ಡು, ಇನ್ನು ಕೆಲವರಿಗೆ 10 ಮುದ್ರೆಯ ಕಾರ್ಡು ಕೊಟ್ಟರು. ಎರಡನೆಯದರಲ್ಲಿ 2 ಮುದ್ರೆ ಮೊದಲೇ ಒತ್ತಿತ್ತು. ಬೇಕಾದ ಮುದ್ರೆ ಎರಡರಲ್ಲೂ 8 ಮಾತ್ರ. ಆದರೂ ಮೊದಲ ಗುಂಪಿನಲ್ಲಿ ಕಾರ್ಡು ಪೂರ್ತಿ ಮಾಡಿದವರು 19%, ಎರಡನೆಯದರಲ್ಲಿ 34%. ಹೊಸಬರಿಗೆ ಖಾತೆ ತೆರೆದ ದಿನವೇ ಉಚಿತ ಪಾಯಿಂಟ್ ಹಾಕಿ, ಪ್ರಗತಿ ಪಟ್ಟಿಯನ್ನು ಸ್ವಲ್ಪ ತುಂಬಿಸಿ ತೋರಿಸುವುದು ಇದೇ ತಂತ್ರ. ಮೇಲೇರಿದ ಮೇಲೆ ಒತ್ತಡದ ಬಗೆ ಬದಲಾಗುತ್ತದೆ: ಹೊಸದನ್ನು ಪಡೆಯುವ ಆಸೆಗಿಂತ ಇರುವ ಸ್ಥಾನ ಕಳೆದುಕೊಳ್ಳುವ ಭಯ ಬಲವಾದದ್ದು. ಹಂತ-ಪಾಯಿಂಟ್ ಸೊನ್ನೆಗೆ ಇಳಿಯುವಂತೆ ಮಾಡಿರುವುದರ ಹಿಂದೆ ಈ ತಿಳಿವಳಿಕೆ ಕೆಲಸ ಮಾಡುತ್ತಿದೆ ಎಂದೇ ನನ್ನ ಅಭಿಪ್ರಾಯ.

ಬೋನಸ್ ಬಗ್ಗೆ ಒಂದೇ ಮಾತು. 100ರ ಬೋನಸ್‌ಗೆ 35 ಪಟ್ಟು ಆಡಬೇಕೆಂಬ ಷರತ್ತು ಇದ್ದರೆ 3,500 ಪಣ ಓಡಬೇಕು. 4% ಲೆಕ್ಕದಲ್ಲಿ ಅದರ ಸರಾಸರಿ ವೆಚ್ಚ 140, ಉಡುಗೊರೆಗಿಂತ ಹೆಚ್ಚು. ಅನೇಕರ ಹಣ ಷರತ್ತು ಮುಗಿಯುವ ಮೊದಲೇ ಖಾಲಿಯಾಗುತ್ತದೆ.

ಮೇಲಿನ ಹಂತದಲ್ಲಿ ಖಾಸಗಿ ಅಕೌಂಟ್ ಮ್ಯಾನೇಜರ್ ಬರುತ್ತಾರೆ. ಯಾರಿಗೆ ಮ್ಯಾನೇಜರ್ ಎಂದು ನಿರ್ಧರಿಸುವುದು ಆಟಗಾರ ಗೆದ್ದನೋ ಸೋತನೋ ಎನ್ನುವುದಕ್ಕಿಂತ ಅವನ ಡೆಪಾಸಿಟ್ ಮತ್ತು ಸರಾಸರಿ ನಷ್ಟದ ಅಂದಾಜು, ಅಂದರೆ ಪಣ ಗುಣಿಸು ಹೌಸ್ ಎಡ್ಜ್. ಅದೃಷ್ಟದಿಂದ ಈ ವಾರ ಗೆದ್ದವನೂ ದೊಡ್ಡ ಪಣದವನಾದರೆ ಅವರಿಗೆ ಬೇಕಾದವನೇ. ಮ್ಯಾನೇಜರ್ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುತ್ತಾರೆ, ಪಂದ್ಯದ ಟಿಕೆಟ್ ಕೊಡಿಸುತ್ತಾರೆ, ವಿತ್‌ಡ್ರಾ ಬೇಗ ಮಾಡಿಸಿಕೊಡುತ್ತಾರೆ. ಆ ವ್ಯಕ್ತಿ ಒಳ್ಳೆಯವರೇ ಇರಬಹುದು. ಆದರೆ ಅವರ ಬೋನಸ್ ಸಂಬಳ ಗಿರಾಕಿಯ ಡೆಪಾಸಿಟ್‌ಗೆ ಅಥವಾ ಆಟದ ಮೊತ್ತಕ್ಕೆ ಕಟ್ಟಿದ್ದರೆ, ಗಿರಾಕಿ ಕಡಿಮೆ ಆಡುವುದು ಅವರಿಗೆ ನೇರ ನಷ್ಟ. ಇದಕ್ಕಿಂತ ಸೂಕ್ಷ್ಮವಾದ ಪರಿಣಾಮ ಗಿರಾಕಿಯ ಕಡೆಯದು: ಪರಿಚಯದ ಮನುಷ್ಯನ ಮಾತಿಗೆ ಇಲ್ಲವೆನ್ನಲು ಸಂಕೋಚ. ಯಂತ್ರ ಕಳಿಸಿದ ಆಫರ್ ಅನ್ನು ಅಳಿಸಿಹಾಕುವವರೂ ಹೆಸರು ಹಿಡಿದು ಕರೆಯುವವರಿಗೆ ಉತ್ತರಿಸುತ್ತಾರೆ.

ಒತ್ತಡ ಇದೆಯೋ ಇಲ್ಲವೋ ಎಂದು ತಿಳಿಯಲು ಸಂದೇಶದ ಹೊತ್ತು ನೋಡಿ. ಖಾತೆಯ ಇತಿಹಾಸ ಡೌನ್‌ಲೋಡ್ ಮಾಡಿ, ಅದರ ಪಕ್ಕದಲ್ಲಿ ಮ್ಯಾನೇಜರ್ ಸಂದೇಶಗಳ ದಿನಾಂಕ ಬರೆಯಿರಿ. ಕೆಲವು ದಿನ ಆಡದೆ ಬಿಟ್ಟ ಬೆನ್ನಲ್ಲೇ, ದೊಡ್ಡ ಸೋಲಿನ ಮರುದಿನವೇ, ಅಥವಾ ವಿತ್‌ಡ್ರಾ ಕೋರಿಕೆ ಬಾಕಿಯಿರುವಾಗ ಆಫರ್ ಬರುತ್ತಿದ್ದರೆ ಅದು ಕಾಕತಾಳೀಯವಲ್ಲ. ‘ಈ ವಾರದ ನಷ್ಟದಲ್ಲಿ 10% ವಾಪಸ್’ ಎಂಬುದನ್ನು ಹಾಗೆಯೇ ಪರೀಕ್ಷಿಸಿ: ಅದು ನಗದೋ, ಮತ್ತೆ ಆಡಬೇಕಾದ ಬೋನಸ್ಸೋ? ಹೊಸ ಡೆಪಾಸಿಟ್ ಮಾಡಿದರೆ ಮಾತ್ರವೋ? ಇನ್ನೊಂದು ಸರಳ ಪರೀಕ್ಷೆ, ಡೆಪಾಸಿಟ್ ಮಿತಿ ಇಳಿಸಿ ಎಂದು ಮ್ಯಾನೇಜರ್‌ಗೇ ಬರೆಯುವುದು. ಕೂಡಲೇ ಇಳಿಸಿದರೆ ಸರಿ. ಏಕೆ ಎಂದು ಕೇಳಿ, ಜೊತೆಗೊಂದು ಆಫರ್ ಇಟ್ಟರೆ ಅವರ ಕೆಲಸ ಯಾವುದೆಂದು ತಿಳಿಯುತ್ತದೆ.

ಬ್ರಿಟನ್‌ನ ಜೂಜು ನಿಯಂತ್ರಣ ಆಯೋಗ 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮಗಳಲ್ಲಿ ಇದನ್ನೇ ಹಿಡಿದಿದೆ. ಯಾರನ್ನಾದರೂ ವಿಐಪಿ ಮಾಡುವ ಮೊದಲು ಆ ಖರ್ಚು ಅವರ ಕೈಗೆಟುಕುತ್ತದೆಯೇ, ಜೂಜಿನಿಂದ ಹಾನಿಯ ಲಕ್ಷಣಗಳಿವೆಯೇ ಎಂದು ನೋಡಬೇಕು, ಹಣದ ಮೂಲ ಪರಿಶೀಲಿಸಬೇಕು, ಮತ್ತು ಇಡೀ ಯೋಜನೆಗೆ ಹಿರಿಯ ಅಧಿಕಾರಿಯೊಬ್ಬರು ವೈಯಕ್ತಿಕವಾಗಿ ಹೊಣೆ ಹೊರಬೇಕು.