ಮಸೂರದ ಚಿತ್ರವನ್ನು ಮಡಿಸಿದರೆ ದರ್ಪಣ: u, v, f ಚಿಹ್ನೆಗಳ ಟಿಪ್ಪಣಿ

u ಅಂದರೆ ವಸ್ತುವಿನ ದೂರ, v ಪ್ರತಿಬಿಂಬದ ದೂರ, f ಸಂಗಮದೂರ. ಸತ್ಯ ಪ್ರತಿಬಿಂಬಕ್ಕೆ ಮಸೂರದಲ್ಲಿ v ಪ್ಲಸ್, ದರ್ಪಣದಲ್ಲಿ ಮೈನಸ್. ಪೀನ ಮಸೂರಕ್ಕೆ f ಪ್ಲಸ್, ನಿಮ್ನ ದರ್ಪಣಕ್ಕೆ ಮೈನಸ್. ಎಸ್ಸೆಸ್ಸೆಲ್ಸಿಯವರೂ ಪಿಯುಸಿಯವರೂ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ಹೊತ್ತಿಗೆ ಪಟ್ಟಿಯ ಎರಡು ಸಾಲು ಅದಲು ಬದಲಾಗಿರುತ್ತದೆ. ಈ ಪಟ್ಟಿ ಬೇಡವೇ ಬೇಡ. ಒಂದು ಗ್ರಾಫ್ ಹಾಳೆ, ಒಂದು ಸ್ಕೇಲು ಇದ್ದರೆ ಎಲ್ಲವೂ ಒಂದೇ ಚಿತ್ರದಿಂದ ಬರುತ್ತದೆ.

ಮೊದಲು ನಿಯಮ. ಮಸೂರದ ದೃಕ್‌ಕೇಂದ್ರ ಅಥವಾ ದರ್ಪಣದ ಧ್ರುವ ನಮ್ಮ ಸೊನ್ನೆ. ಎಲ್ಲ ಅಳತೆಯೂ ಅಲ್ಲಿಂದಲೇ ಶುರು. ಒಳಬರುವ ಬೆಳಕು ಯಾವ ದಿಕ್ಕಿಗೆ ಹೋಗುತ್ತದೋ ಆ ದಿಕ್ಕು ಪ್ಲಸ್, ಅದಕ್ಕೆ ಎದುರು ದಿಕ್ಕು ಮೈನಸ್. ಅಕ್ಷದಿಂದ ಮೇಲೆ ಪ್ಲಸ್, ಕೆಳಗೆ ಮೈನಸ್. ಇಷ್ಟೇ. ಗಮನಿಸಿ, ಈ ನಿಯಮದಲ್ಲಿ ಸತ್ಯ, ಮಿಥ್ಯ ಎಂಬ ಮಾತೇ ಇಲ್ಲ. ಚಿಹ್ನೆ ಹೇಳುವುದು ಜಾಗವನ್ನು ಮಾತ್ರ. ಪ್ರತಿಬಿಂಬ ಸತ್ಯವೋ ಮಿಥ್ಯವೋ ಎಂಬುದು ಬೇರೆ ಪ್ರಶ್ನೆ: ಆ ಜಾಗಕ್ಕೆ ಬೆಳಕು ನಿಜವಾಗಿ ಹೋಗುತ್ತದೆಯೇ? ಮಸೂರ ದಾಟಿದ ಬೆಳಕು ಮುಂದೆ ಹೋಗುತ್ತದೆ. ದರ್ಪಣಕ್ಕೆ ಬಡಿದ ಬೆಳಕು ವಾಪಸ್ ಬರುತ್ತದೆ. ಗೊಂದಲವೆಲ್ಲ ಈ ಒಂದು ವ್ಯತ್ಯಾಸದಿಂದ ಬಂದದ್ದು.

ಈಗ ಒಂದು ಲೆಕ್ಕ. ಲ್ಯಾಬಿನ ಪೀನ ಮಸೂರ ಒಂದನ್ನು ತೆಗೆದುಕೊಳ್ಳಿ. ಅದರ ಸಂಗಮದೂರ ಗೊತ್ತಿಲ್ಲದಿದ್ದರೆ ಮಂಗಳೂರಿನ ಯಾವ ಮನೆಯಲ್ಲಾದರೂ ಅಳೆಯಬಹುದು. ಮಳೆ ಬಿಟ್ಟು ಬಿಸಿಲು ಬಂದಾಗ ಕೋಣೆಯ ಲೈಟ್ ಆರಿಸಿ, ಕಿಟಕಿಯ ಎದುರಿನ ಗೋಡೆಯ ಹತ್ತಿರ ಮಸೂರ ಹಿಡಿಯಿರಿ. ಹಿಂದೆ ಮುಂದೆ ಸರಿಸುತ್ತಿದ್ದರೆ ಒಂದು ಕಡೆ ಹೊರಗಿನ ತೆಂಗಿನ ಮರ ಗೋಡೆಯ ಮೇಲೆ ಬಣ್ಣದ ಸಮೇತ ಮೂಡುತ್ತದೆ. ಗರಿಗಳು ಕೆಳಗೆ, ಬುಡ ಮೇಲೆ. ಗಾಳಿಗೆ ಗರಿ ಅಲ್ಲಾಡಿದರೆ ಗೋಡೆಯ ಮೇಲೂ ಅಲ್ಲಾಡುತ್ತದೆ. ಮರ ಸಾಕಷ್ಟು ದೂರವಿರುವುದರಿಂದ ಅದರಿಂದ ಬರುವ ಕಿರಣಗಳು ಹೆಚ್ಚುಕಮ್ಮಿ ಸಮಾಂತರ. ಹಾಗಾಗಿ ಗೋಡೆಗೂ ಮಸೂರಕ್ಕೂ ಇರುವ ಅಂತರವೇ ಸಂಗಮದೂರ. ಅದು 10 ಸೆಂ.ಮೀ. ಬಂತು ಎಂದಿಟ್ಟುಕೊಳ್ಳೋಣ.

2 ಸೆಂ.ಮೀ. ಎತ್ತರದ ವಸ್ತುವನ್ನು ಮಸೂರದಿಂದ 15 ಸೆಂ.ಮೀ. ದೂರದಲ್ಲಿ ಇಡೋಣ. ಬೆಳಕು ಎಡದಿಂದ ಬಲಕ್ಕೆ ಹೋಗುತ್ತಿದೆ, ವಸ್ತು ಎಡಕ್ಕಿದೆ. ಆದ್ದರಿಂದ u = −15. ಮಸೂರ ದಾಟಿದ ಸಮಾಂತರ ಕಿರಣಗಳು ಬಲಕ್ಕೆ ಹೋಗಿ ಸೇರುತ್ತವೆ. ಆದ್ದರಿಂದ f = +10. ಈಗ ಸೂತ್ರ:

1/v − 1/u = 1/f

1/v = 1/10 + 1/(−15) = 1/30

v = +30. ವರ್ಧನೆ m = v/u = 30/(−15) = −2. ಪ್ರತಿಬಿಂಬ ಬಲಕ್ಕೆ 30 ಸೆಂ.ಮೀ. ದೂರದಲ್ಲಿದೆ. m ಮೈನಸ್ ಆದ್ದರಿಂದ ತಲೆಕೆಳಗು, ಎತ್ತರ 4 ಸೆಂ.ಮೀ. ಬೆಳಕು ಹೋಗುವುದೂ ಬಲಕ್ಕೇ, ಹಾಗಾಗಿ ಇದು ಸತ್ಯ ಪ್ರತಿಬಿಂಬ.

ಇದನ್ನೇ ಗ್ರಾಫ್ ಹಾಳೆಯಲ್ಲಿ ಬಿಡಿಸಿ. ಹಾಳೆ ಅಡ್ಡಕ್ಕಿರಲಿ. ಅಡ್ಡ ಅಳತೆಯಲ್ಲಿ 2 ಸೆಂ.ಮೀ.ಗೆ 1 ಸೆಂ.ಮೀ. ಹಿಡಿಯಿರಿ. ಎತ್ತರವನ್ನು ಇದ್ದ ಹಾಗೇ ಇಡಿ. ಎರಡಕ್ಕೂ ಬೇರೆ ಬೇರೆ ಪ್ರಮಾಣ ಹಿಡಿದರೂ ಉತ್ತರ ಕೆಡುವುದಿಲ್ಲ, ಸರಳ ರೇಖೆ ಸರಳ ರೇಖೆಯಾಗಿಯೇ ಉಳಿಯುತ್ತದಲ್ವಾ. ಮಸೂರವನ್ನು ಹೊಟ್ಟೆ ಉಬ್ಬಿದ ಆಕಾರದಲ್ಲಿ ಬಿಡಿಸಬೇಡಿ. ಒಂದು ಲಂಬ ಗೆರೆ ಸಾಕು. ತೆಳು ಮಸೂರ ಅಂದರೆ ಕಿರಣ ಆ ಗೆರೆಯ ಹತ್ತಿರ ಒಂದೇ ಸಲ ಬಾಗುತ್ತದೆ ಎಂದು ಅರ್ಥ.

ವಸ್ತುವಿನ ತುದಿಯಿಂದ ಮೂರು ಕಿರಣ ಎಳೆಯಿರಿ. ಮೊದಲನೆಯದು ಅಕ್ಷಕ್ಕೆ ಸಮಾಂತರವಾಗಿ ಹೋಗಿ, ಗೆರೆಯಲ್ಲಿ ಬಾಗಿ, ಬಲಗಡೆಯ ಸಂಗಮಬಿಂದುವಿನ ಮೂಲಕ ಸಾಗುತ್ತದೆ. ಎರಡನೆಯದು ದೃಕ್‌ಕೇಂದ್ರದ ಮೂಲಕ ಬಾಗದೆ ನೇರ ಹೋಗುತ್ತದೆ. ಮೂರನೆಯದು ಎಡಗಡೆಯ ಸಂಗಮಬಿಂದುವಿನ ಮೂಲಕ ಬಂದು, ಗೆರೆಯನ್ನು ಅಕ್ಷದಿಂದ 4 ಸೆಂ.ಮೀ. ಕೆಳಗೆ ಮುಟ್ಟಿ, ಅಲ್ಲಿಂದ ಸಮಾಂತರವಾಗಿ ಹೊರಡುತ್ತದೆ. ಮೂರೂ 30ರ ಗುರುತಿನಲ್ಲಿ, 4 ಸೆಂ.ಮೀ. ಕೆಳಗೆ ಸೇರಬೇಕು. ಜಾಗ ಹುಡುಕಲು ಎರಡು ಕಿರಣ ಸಾಕು. ಮೂರನೆಯದು ತಾಳೆ ನೋಡುವುದಕ್ಕೆ. ಅದು ತಪ್ಪಿದರೆ ಎಲ್ಲೋ ಗೆರೆ ಜಾರಿದೆ.

ಈ ಮೂರು ಕಿರಣಗಳನ್ನು ನಾವು ಆರಿಸುವುದು ಎಳೆಯಲು ಸುಲಭ ಎಂದಷ್ಟೇ. ತುದಿಯಿಂದ ಹೊರಟು ಮಸೂರದ ಯಾವುದೇ ಭಾಗಕ್ಕೆ ಬಿದ್ದ ಕಿರಣವೂ ಅದೇ ಜಾಗಕ್ಕೆ ಹೋಗುತ್ತದೆ. ಅದಕ್ಕೇ ಮಸೂರದ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದರೂ ತೆಂಗಿನ ಮರ ಇಡೀ ಕಾಣುತ್ತದೆ. ಬೆಳಕು ಮಾತ್ರ ಕಮ್ಮಿಯಾಗುತ್ತದೆ. ಅರ್ಧ ಮರ ಮಾಯವಾಗುತ್ತದೆ ಎಂದು ಬರೆಯುವವರು ಬಹಳ, ಒಮ್ಮೆ ಅಂಟಿಸಿ ನೋಡಿ.

ವಸ್ತುವನ್ನು ಈಗ ಮಸೂರದ ಹತ್ತಿರ ತನ್ನಿ. ಸರಿಯಾಗಿ 10 ಸೆಂ.ಮೀ.ಗೆ ಬಂದಾಗ 1/v ಸೊನ್ನೆಯಾಗುತ್ತದೆ. ಹೊರಟ ಕಿರಣಗಳು ಸಮಾಂತರ, ಎಲ್ಲೂ ಸೇರುವುದಿಲ್ಲ. ಕಾಪು ಕಡಲತೀರದಲ್ಲಿರುವಂಥ ದೀಪಸ್ತಂಭಗಳಿಗೆ ಬೇಕಾದದ್ದು ಇದೇ. ಮಸೂರದ ಸಂಗಮದಲ್ಲಿ ದೀಪ ಇಟ್ಟರೆ ಬೆಳಕು ಹರಡದೆ ದೂರದ ದೋಣಿಗಳವರೆಗೆ ಹೋಗುತ್ತದೆ.

ಇನ್ನೂ ಹತ್ತಿರ, 6 ಸೆಂ.ಮೀ.ಗೆ ತಂದರೆ u = −6:

1/v = 1/10 − 1/6 = −1/15

v = −15, m = (−15)/(−6) = +2.5. ಪ್ರತಿಬಿಂಬ ಎಡಕ್ಕೆ ಬಂತು, ಅಂದರೆ ವಸ್ತು ಇರುವ ಕಡೆಗೇ. ಬೆಳಕು ಹೊರಟದ್ದು ಬಲಕ್ಕೆ. ಬೆಳಕು ಹೋಗದ ಕಡೆ ಇರುವ ಪ್ರತಿಬಿಂಬ ಮಿಥ್ಯ. m ಪ್ಲಸ್, ಆದ್ದರಿಂದ ನೇರ. ಎತ್ತರ 5 ಸೆಂ.ಮೀ.

ಚಿತ್ರದಲ್ಲಿ ಎಡವುವುದು ಇಲ್ಲೇ ಜಾಸ್ತಿ. ಮೊದಲ ಎರಡು ಕಿರಣ ಹಿಂದಿನಂತೆಯೇ. ಆದರೆ ಬಲಗಡೆ ಅವು ದೂರ ದೂರ ಸರಿಯುತ್ತವೆ. ಅವನ್ನು ಎಡಕ್ಕೆ, ಹಿಂದಕ್ಕೆ ಎಳೆಯಬೇಕು, ಚುಕ್ಕೆ ಗೆರೆಯಲ್ಲಿ. ಬೆಳಕು ಇರುವಲ್ಲಿ ಪೂರ್ತಿ ಗೆರೆ ಮತ್ತು ಬಾಣ, ಇಲ್ಲದಲ್ಲಿ ಚುಕ್ಕೆ ಗೆರೆ, ಬಾಣ ಇಲ್ಲ. ಮೂರನೆಯ ಕಿರಣ ಹೇಗೆ? ವಸ್ತು ಸಂಗಮಬಿಂದುವಿಗಿಂತ ಒಳಗಿದೆ. ಕಿರಣ ಸಂಗಮದ ಮೂಲಕ ಹೋಗಲು ಸಾಧ್ಯವಿಲ್ಲ. ಎಡ ಸಂಗಮದಿಂದಲೇ ಹೊರಟು ಬಂದಂತೆ, ಸ್ಕೇಲನ್ನು ಸಂಗಮಕ್ಕೂ ತುದಿಗೂ ಇಟ್ಟು ಮಸೂರದ ಕಡೆಗೆ ಎಳೆಯಿರಿ. ಅದು ಗೆರೆಯನ್ನು 5 ಸೆಂ.ಮೀ. ಎತ್ತರದಲ್ಲಿ ಮುಟ್ಟಿ ಸಮಾಂತರವಾಗಿ ಹೊರಡುತ್ತದೆ. ನಿಜವಾದ ಮಸೂರ ಅಷ್ಟು ದೊಡ್ಡದಿರಲಿಕ್ಕಿಲ್ಲ. ಪರವಾಗಿಲ್ಲ, ಮಸೂರದ ಗೆರೆಯನ್ನು ಉದ್ದ ಮಾಡಿ. ನಿಜವಾದ ಮಸೂರದಲ್ಲಿ ಬೇರೆ ಕಿರಣಗಳು ಅದೇ ಜಾಗವನ್ನು ತೋರಿಸುತ್ತವೆ.

ಈಗ ಮೊದಲ ಚಿತ್ರಕ್ಕೆ ವಾಪಸ್ ಬನ್ನಿ. ಹಾಳೆಯನ್ನು ಮಸೂರದ ಗೆರೆಯ ಮೇಲೇ ಮಡಿಸಿ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಬಲಗಡೆಯ ಸಂಗಮ ಎಡಗಡೆಯದರ ಮೇಲೆ ಬಂದು ಕೂರುತ್ತದೆ. +30ರಲ್ಲಿದ್ದ ಪ್ರತಿಬಿಂಬ −30ಕ್ಕೆ ಬರುತ್ತದೆ. ನಡುವಿನ ಮೂಲಕ ನೇರ ಹೋಗಿದ್ದ ಕಿರಣ ಈಗ ಧ್ರುವಕ್ಕೆ ಬಡಿದು, ಅಕ್ಷದ ಜೊತೆ ಅಷ್ಟೇ ಕೋನ ಮಾಡಿ ವಾಪಸ್ ಹೋಗುತ್ತಿದೆ. ನೀವು ನೋಡುತ್ತಿರುವುದು 10 ಸೆಂ.ಮೀ. ಸಂಗಮದೂರದ ನಿಮ್ನ ದರ್ಪಣದ ಕಿರಣಚಿತ್ರ!

ಮಡಿಸಿದಾಗ ಬದಲಾದದ್ದು ಹೊರಟ ಬೆಳಕಿನ ಕಡೆ ಮಾತ್ರ. v ಮತ್ತು f ಎರಡರ ಚಿಹ್ನೆಯೂ ತಿರುಗಿತು, u ಹಾಗೇ ಉಳಿಯಿತು. ಮಸೂರದ ಸೂತ್ರದಲ್ಲಿ v ಬದಲು −v, f ಬದಲು −f ಹಾಕಿ ನೋಡಿ:

−1/v − 1/u = −1/f, ಅಂದರೆ 1/v + 1/u = 1/f

ದರ್ಪಣದ ಸೂತ್ರ ಬಂತು. m = v/u ಇದ್ದದ್ದು m = −v/u ಆಯಿತು. ಲೆಕ್ಕವೂ ತಾಳೆಯಾಗುತ್ತದೆ: u = −15, f = −10 ಹಾಕಿದರೆ v = −30, m = −2. u = −6 ಹಾಕಿದರೆ v = +15, m = +2.5. ಎರಡನೆಯದರಲ್ಲಿ ಬೆಳಕು ಎಡಕ್ಕೆ ಮರಳುತ್ತದೆ, ಪ್ರತಿಬಿಂಬ ಬಲಕ್ಕೆ, ದರ್ಪಣದ ಹಿಂದೆ. ಬೆಳಕು ಹೋಗದ ಕಡೆ, ಆದ್ದರಿಂದ ಮಿಥ್ಯ. ಚಿತ್ರದಲ್ಲೂ ಮರಳಿದ ಕಿರಣಗಳನ್ನು ಚುಕ್ಕೆ ಗೆರೆಯಲ್ಲಿ ದರ್ಪಣದ ಹಿಂದಕ್ಕೆ ಎಳೆಯಬೇಕು.

ದರ್ಪಣವನ್ನೂ ನೇರ ಗೆರೆಯಾಗಿಯೇ ಬಿಡಿಸಿ. ಕಂಪಾಸಿನಲ್ಲಿ 20 ಸೆಂ.ಮೀ. ತ್ರಿಜ್ಯದ ಕಮಾನು ಎಳೆದರೆ, ಅಕ್ಷದಿಂದ 4 ಸೆಂ.ಮೀ. ದೂರದಲ್ಲಿ ಅದು ಸುಮಾರು 4 ಮಿ.ಮೀ. ಮುಂದೆ ಬಂದಿರುತ್ತದೆ. ಅಲ್ಲಿ ಕಿರಣ ಬಾಗಿಸಿದರೆ ಮೂರೂ ಒಂದೇ ಕಡೆ ಸೇರುವುದಿಲ್ಲ. ನಮ್ಮ ಸೂತ್ರಗಳು ಅಕ್ಷದ ಹತ್ತಿರದ ಕಿರಣಗಳಿಗೆ ಮಾತ್ರ ಸರಿ. ನಿಜವಾದ ಗೋಳೀಯ ದರ್ಪಣದಲ್ಲೂ ಅಂಚಿನ ಕಿರಣಗಳು ಬೇರೆ ಕಡೆ ಸೇರುತ್ತವೆ, ಪ್ರತಿಬಿಂಬ ಸ್ವಲ್ಪ ಮಸುಕಾಗುತ್ತದೆ.

ಉಳಿದದ್ದು ಪೀನ ದರ್ಪಣ. ಅದನ್ನು ನೋಡಲು ಮಂಗಳೂರು–ಉಡುಪಿ ಬಸ್ಸಿನ ಡ್ರೈವರ್ ಪಕ್ಕದ ಕನ್ನಡಿ ಸಾಕು. ಅದರ ಸಂಗಮ ದರ್ಪಣದ ಹಿಂದೆ, ಆದ್ದರಿಂದ f ಪ್ಲಸ್. f = +1 ಮೀಟರ್ ಎಂದುಕೊಳ್ಳಿ, ಹಿಂದಿನ ಕಾರು 9 ಮೀಟರ್ ದೂರದಲ್ಲಿದೆ. 1/v = 1 + 1/9 = 10/9, v = +0.9. ಕನ್ನಡಿಯ ಹಿಂದೆ 90 ಸೆಂ.ಮೀ.ನಲ್ಲಿ, ಹತ್ತನೇ ಒಂದು ಭಾಗದಷ್ಟು ಚಿಕ್ಕದಾದ, ನೇರವಾದ ಮಿಥ್ಯ ಪ್ರತಿಬಿಂಬ. ಎದುರಿಗಿಟ್ಟ ವಸ್ತು ಎಷ್ಟು ದೂರವಿದ್ದರೂ ಪೀನ ದರ್ಪಣದಲ್ಲಿ ಇದೇ ಕಥೆ, ನಿಮ್ನ ಮಸೂರದಲ್ಲೂ ಇದೇ.

ಕೊನೆಗೆ, ಮಾರ್ಕು ಹೋಗುವ ಎರಡು ಜಾಗ. ಒಂದು, ಗೊತ್ತಿಲ್ಲದ v ಗೆ ಮೊದಲೇ ಚಿಹ್ನೆ ಹಾಕುವುದು. "ಸತ್ಯ ಪ್ರತಿಬಿಂಬ, ಹಾಗಾದರೆ −v" ಎಂದು ಸೂತ್ರದಲ್ಲಿ ಬರೆದರೆ ಚಿಹ್ನೆ ಎರಡು ಸಲ ಬಿತ್ತು. ಗೊತ್ತಿರುವ ಸಂಖ್ಯೆಗೆ ಮಾತ್ರ ಚಿಹ್ನೆ ಹಾಕಿ. v ತನ್ನ ಚಿಹ್ನೆಯನ್ನು ತಾನೇ ತರುತ್ತದೆ.

ಇನ್ನೊಂದು, ಎರಡು ಪದ್ಧತಿ ಬೆರೆಸುವುದು. ಕೆಲವು ಹಳೆಯ ಪುಸ್ತಕಗಳಲ್ಲಿ ಸತ್ಯವಾದದ್ದಕ್ಕೆಲ್ಲ ಪ್ಲಸ್, ಮಿಥ್ಯಕ್ಕೆ ಮೈನಸ್ ಎಂಬ ಪದ್ಧತಿ ಇದೆ. ಅಲ್ಲಿ ಮಸೂರಕ್ಕೂ ದರ್ಪಣಕ್ಕೂ ಸೂತ್ರ 1/v + 1/u = 1/f ಒಂದೇ. ಅದೂ ಸರಿಯಾದ ಪದ್ಧತಿಯೇ. ಆದರೆ ಅಲ್ಲಿನ u = +15 ಅನ್ನು ನಮ್ಮ ಮಸೂರ ಸೂತ್ರಕ್ಕೆ ಹಾಕಿದರೆ 1/v = 1/10 + 1/15 = 1/6, v = 6 ಬರುತ್ತದೆ. ನೋಡಲು ಚಂದದ ಉತ್ತರ, ಅನುಮಾನವೇ ಬರುವುದಿಲ್ಲ. ಹಿಡಿಯುವುದು ಹೀಗೆ: ಎದುರಿಗಿಟ್ಟ ವಸ್ತುವಿಗೆ ಪೀನ ಮಸೂರ ಕೊಡುವ ಸತ್ಯ ಪ್ರತಿಬಿಂಬ ಸಂಗಮಬಿಂದುವಿಗಿಂತ ಒಳಗೆ ಎಂದೂ ಬರುವುದಿಲ್ಲ. ಸಮಾಂತರ ಕಿರಣಗಳೇ 10 ಸೆಂ.ಮೀ.ನಲ್ಲಿ ಸೇರುವಾಗ, ಹತ್ತಿರದ ವಸ್ತುವಿನಿಂದ ಹರಡುತ್ತಾ ಬಂದ ಕಿರಣಗಳು 6 ಸೆಂ.ಮೀ.ನಲ್ಲಿ ಸೇರುವುದು ಹೇಗೆ?