ಎರಡು ಬಾರಿಯೂ ಅದು ಆರಿಸಿದ್ದು ‘ಎ’

ಸೌರಮಂಡಲದಲ್ಲಿ ಎಲ್ಲಕ್ಕಿಂತ ಬಿಸಿಯಾದ ಗ್ರಹ ಯಾವುದು ಎಂಬ ಪ್ರಶ್ನೆಯನ್ನು ಚಾಟ್‌ಬಾಟ್ ಒಂದಕ್ಕೆ ಕೇಳಿ, ಎ) ಬುಧ, ಬಿ) ಶುಕ್ರ, ಸಿ) ಮಂಗಳ, ಡಿ) ಗುರು ಎಂದು ಆಯ್ಕೆಗಳನ್ನು ಕೊಟ್ಟೆವೆನ್ನೋಣ. ಅದು ಬುಧ ಎನ್ನುತ್ತದೆ. ಬುಧ ಮತ್ತು ಶುಕ್ರಗಳ ಜಾಗವನ್ನಷ್ಟೇ ಅದಲುಬದಲು ಮಾಡಿ ಹೊಸದಾಗಿ ಕೇಳಿದರೆ ಶುಕ್ರ ಎನ್ನುತ್ತದೆ. ಸರಿಯುತ್ತರ ಶುಕ್ರವೇ, ಏಕೆಂದರೆ ಸೂರ್ಯನಿಂದ ಹೆಚ್ಚು ದೂರದಲ್ಲಿದ್ದರೂ ಅದರ ದಟ್ಟ ವಾತಾವರಣ ಶಾಖವನ್ನು ಹೊರಹೋಗಲು ಬಿಡುವುದಿಲ್ಲ. ಇದನ್ನು ಕಂಡವರಲ್ಲಿ ಕೆಲವರು ಯಂತ್ರ ಮನಸ್ಸು ಬದಲಾಯಿಸಿತು ಎನ್ನುತ್ತಾರೆ, ಇನ್ನು ಕೆಲವರು ಅದಕ್ಕೆ ಏನೂ ತಿಳಿದಿಲ್ಲ, ಬರಿದೇ ಊಹಿಸುತ್ತಿದೆ ಎನ್ನುತ್ತಾರೆ. ಎರಡೂ ತಪ್ಪು ತೀರ್ಮಾನಗಳು. ಎರಡು ಬಾರಿಯೂ ಅದು ಆರಿಸಿದ್ದು ‘ಎ’ ಅಕ್ಷರವನ್ನು ಎಂಬುದನ್ನು ಗಮನಿಸಿದರೆ ಮಾತ್ರ ನಿಜವಾದ ಕಾರಣ ಕಣ್ಣಿಗೆ ಬೀಳುತ್ತದೆ.

ಚಾಟ್‌ಬಾಟ್‌ನ ಒಳಗಿರುವ ಭಾಷಾ ಮಾದರಿ ಮಾಡುವ ಕೆಲಸ ಒಂದೇ: ಇದುವರೆಗಿನ ಪಠ್ಯವನ್ನು ಓದಿ, ಮುಂದೆ ಬರಬಹುದಾದ ಪ್ರತಿಯೊಂದು ತುಣುಕಿಗೂ ಒಂದು ಸಂಭಾವ್ಯತೆಯನ್ನು ಲೆಕ್ಕ ಹಾಕುವುದು. ಆಯ್ಕೆಗಳಿರುವ ಪ್ರಶ್ನೆಯ ಕೊನೆಯಲ್ಲಿ ಆ ತುಣುಕು ‘ಎ’, ‘ಬಿ’ಯಂಥ ಅಕ್ಷರವಾಗಿರುತ್ತದೆ. ಆ ಅಕ್ಷರಕ್ಕೆ ಬೀಳುವ ಅಂಕದಲ್ಲಿ ಗ್ರಹಗಳ ಬಗೆಗಿನ ತಿಳಿವಳಿಕೆಯೂ ಸೇರಿರುತ್ತದೆ, ಇಂಥ ಜಾಗದಲ್ಲಿ ಯಾವ ಅಕ್ಷರ ಹೆಚ್ಚಾಗಿ ಬರುತ್ತದೆ ಎಂಬ, ತರಬೇತಿಯಲ್ಲಿ ಅಂಟಿಕೊಂಡ ರೂಢಿಯೂ ಸೇರಿರುತ್ತದೆ. ಒಂದು ತಟ್ಟೆಯಲ್ಲಿ ಮೊದಲೇ ಸಣ್ಣ ಕಲ್ಲೊಂದು ಕುಳಿತಿರುವ ತಕ್ಕಡಿಯಂತೆ ಇದು. ತೂಕದ ಅಂತರ ದೊಡ್ಡದಿದ್ದರೆ ಆ ಕಲ್ಲು ಲೆಕ್ಕಕ್ಕೇ ಬರುವುದಿಲ್ಲ, ಎರಡೂ ಕಡೆ ಹೆಚ್ಚುಕಡಿಮೆ ಸಮತೂಕವಿದ್ದಾಗ ಮಾತ್ರ ಅದೇ ನಿರ್ಣಾಯಕವಾಗುತ್ತದೆ.

ಕಾಲ್ಪನಿಕ ಅಂಕಿಗಳಲ್ಲಿ ಇದನ್ನು ನೋಡೋಣ. ಮಾದರಿಯ ತಿಳಿವಳಿಕೆ ಶುಕ್ರಕ್ಕೆ 45, ಬುಧಕ್ಕೆ 40, ಮಂಗಳಕ್ಕೆ 10, ಗುರುವಿಗೆ 5 ಅಂಕ ಕೊಡುತ್ತದೆ. ಅಕ್ಷರದ ಒಲವು ‘ಎ’ಗೆ ಉಳಿದವುಗಳ ಎರಡು ಪಟ್ಟು ಇದೆ. ಬುಧ ‘ಎ’ ಜಾಗದಲ್ಲಿದ್ದಾಗ ಅದರ 40 ಅಂಕ 80 ಆಗುತ್ತದೆ, ಶುಕ್ರ 45ರಲ್ಲೇ ಉಳಿಯುತ್ತದೆ. ಒಟ್ಟು 140ರಲ್ಲಿ ಬುಧದ ಪಾಲು ಶೇ 57. ಜಾಗ ಬದಲಾದಾಗ ಶುಕ್ರ 90ಕ್ಕೇರಿ, ಒಟ್ಟು 145ರಲ್ಲಿ ಶೇ 62 ಪಡೆಯುತ್ತದೆ. ಮಾದರಿಯ ತಿಳಿವಳಿಕೆ ಒಂದಿಷ್ಟೂ ಬದಲಾಗಿಲ್ಲ. ಅದೇ ಶುಕ್ರಕ್ಕೆ ಮೊದಲೇ 90 ಅಂಕವಿದ್ದು ಬುಧಕ್ಕೆ 6 ಮಾತ್ರ ಇದ್ದಿದ್ದರೆ, ದುಪ್ಪಟ್ಟಾದ ಬುಧ 12ಕ್ಕೆ ನಿಲ್ಲುತ್ತಿತ್ತು, ಉತ್ತರ ಅಲುಗುತ್ತಿರಲಿಲ್ಲ. ಆದುದರಿಂದ ಆಯ್ಕೆಗಳ ಕ್ರಮಕ್ಕೆ ಬಾಗುವ ಉತ್ತರವು ಅಜ್ಞಾನಕ್ಕಿಂತ ಹೆಚ್ಚಾಗಿ ಅನಿಶ್ಚಯವನ್ನು ತೋರಿಸುತ್ತದೆ.

ಒಲವು ಜಾಗದ್ದೋ ಅಕ್ಷರದ್ದೋ ಎಂಬುದು ನನಗೆ ಬಹಳ ಸ್ವಾರಸ್ಯಕರವೆನಿಸುವ ಪ್ರಶ್ನೆ. ಚುಜೀ ಝೆಂಗ್ ಮತ್ತು ಸಂಗಡಿಗರು 2023ರಲ್ಲಿ 20 ಭಾಷಾ ಮಾದರಿಗಳನ್ನು ಪರೀಕ್ಷಿಸಿ, ಮುಖ್ಯ ಕಾರಣ ಆಯ್ಕೆಗೆ ಅಂಟಿಸಿದ ಅಕ್ಷರವೇ ಎಂದು ತೋರಿಸಿದರು. ಜಾಗದ ಪಾತ್ರವೂ ಇಲ್ಲದಿಲ್ಲ. ಈ ಮಾದರಿಗಳು ಪಠ್ಯದಲ್ಲಿ ಮುಂದೆ ಬರುವುದನ್ನು ಮೊದಲೇ ನೋಡಲಾರವು. ಮೊದಲ ಆಯ್ಕೆಯನ್ನು ಸಂಸ್ಕರಿಸುವಾಗ ನಂತರದ ಆಯ್ಕೆಗಳು ಅದಕ್ಕೆ ಕಾಣುವುದೇ ಇಲ್ಲ. ಹೀಗಾಗಿ ಕ್ರಮ ಬದಲಾದರೆ ಪ್ರತಿ ಆಯ್ಕೆಯ ಆಂತರಿಕ ಚಿತ್ರಣವೂ ತುಸು ಬದಲಾಗುತ್ತದೆ.

ಪ್ರಶ್ನೆಯ ಮಾತು ಬದಲಾದಾಗ ಆಗುವುದು ಬೇರೆ. ಆಗ ಕಲ್ಲಿನ ಜೊತೆಗೆ ಸರಕಿನ ತೂಕವೇ ಬದಲಾಗಬಹುದು. ‘ಸೂರ್ಯನ ಶಾಖದಿಂದ ಅತ್ಯಂತ ಬಿಸಿಯಾದ ಗ್ರಹ’ ಎಂಬ ಮಾತಿನ ನೆರೆಯಲ್ಲಿ ಸೂರ್ಯನಿಗೆ ಸಮೀಪದ ಬುಧ ಸುಳಿದಾಡುತ್ತದೆ. ‘ಸರಾಸರಿ ಮೇಲ್ಮೈ ತಾಪಮಾನ ಅತಿ ಹೆಚ್ಚಿರುವ ಗ್ರಹ’ ಎಂದರೆ ಶುಕ್ರವನ್ನು ವಿವರಿಸುವ ಪಠ್ಯಗಳ ದನಿ ಹತ್ತಿರವಾಗುತ್ತದೆ. ಮನುಷ್ಯರೂ ಹೀಗೆಯೇ. ಡೊನಾಲ್ಡ್ ರಗ್ 1941ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯಲ್ಲಿ, ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳಿಗೆ ‘ಅವಕಾಶ ಕೊಡಬಾರದು’ ಎಂದವರು ಶೇ 62, ‘ನಿಷೇಧಿಸಬೇಕು’ ಎಂದವರು ಶೇ 46 ಮಾತ್ರ. ಆದರೆ ಕಾರಣ ಬೇರೆ. ನಿಷೇಧ ಎಂಬ ಪದದ ಕಠೋರತೆ ಜನರನ್ನು ಹಿಂಜರಿಸುತ್ತದೆ. ಮಾದರಿಯಲ್ಲಿ ಕೆಲಸ ಮಾಡುವುದು ಪದಗಳ ಸಹವಾಸ.

ಈ ಚಂಚಲತೆಯನ್ನು ಚಾಟ್‌ಬಾಟ್‌ಗಳಲ್ಲಿ ಸಾಮಾನ್ಯವಾಗಿರುವ ಇನ್ನೊಂದು ಚಂಚಲತೆಯೊಂದಿಗೆ ಬೆರೆಸಬಾರದು. ಸಂಭಾವ್ಯತೆಗೆ ಅನುಗುಣವಾಗಿ ಚೀಟಿ ಎತ್ತಿದಂತೆ ಪದ ಆರಿಸುವುದರಿಂದ, ಪ್ರಶ್ನೆ ಹಾಗೆಯೇ ಇದ್ದರೂ ಉತ್ತರ ಬದಲಾಗಬಹುದು. ಇವೆರಡನ್ನು ಬೇರ್ಪಡಿಸಲು, ಪ್ರಶ್ನೆಯನ್ನು ಒಂದಕ್ಷರವೂ ತಿದ್ದದೆ ಹತ್ತು ಬಾರಿ, ಪ್ರತಿ ಬಾರಿ ಹೊಸ ಸಂಭಾಷಣೆಯಲ್ಲಿ ಕೇಳಬೇಕು. ಬಳಿಕ ಕ್ರಮ ಬದಲಿಸಿ ಅಷ್ಟೇ ಬಾರಿ ಕೇಳಬೇಕು. ಮೊದಲ ಹತ್ತರಲ್ಲಿ ಹೆಚ್ಚಿನವು ಬುಧ, ಎರಡನೆಯ ಹತ್ತರಲ್ಲಿ ಹೆಚ್ಚಿನವು ಶುಕ್ರ ಬಂದರೆ ದೋಷ ಕ್ರಮದ್ದು. ಎರಡು ಕಂತಿನಲ್ಲೂ ಒಂದೇ ರೀತಿ ಮಿಶ್ರವಾಗಿ ಬಂದರೆ ಅದು ಚೀಟಿಯಾಟ.

ಸಂಭಾವ್ಯತೆಗಳೇ ಕೈಗೆ ಸಿಗುವ ಸಂಶೋಧಕರು ಆಯ್ಕೆಗಳನ್ನು ಸುತ್ತು ತಿರುಗಿಸಿ ನಾಲ್ಕು ಬಾರಿ ಕೇಳುತ್ತಾರೆ. ಪ್ರತಿ ಗ್ರಹವೂ ಪ್ರತಿ ಅಕ್ಷರದಡಿ ಒಮ್ಮೆ ಕುಳಿತು ಏಳುತ್ತದೆ. ಒಂದೊಂದು ಗ್ರಹಕ್ಕೆ ಬಂದ ನಾಲ್ಕು ಸಂಭಾವ್ಯತೆಗಳನ್ನು ಗುಣಿಸಿದರೆ ಅಕ್ಷರದ ಒಲವು ಎಲ್ಲಕ್ಕೂ ಸಮನಾಗಿ ಹಂಚಿಹೋಗಿ, ಮೇಲಿನ ಉದಾಹರಣೆಯಲ್ಲಿ ಶುಕ್ರವೇ ಮುಂದೆ ಬರುತ್ತದೆ. ಬೆಲೆಯೆಂದರೆ ನಾಲ್ಕು ಪಟ್ಟು ಗಣನೆ. ಅಕ್ಷರದ ಒಲವು ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗದಿದ್ದರೆ, ಕೆಲವೇ ಪ್ರಶ್ನೆಗಳಲ್ಲಿ ಅದನ್ನು ಅಳೆದು ಉಳಿದವುಗಳಿಂದ ಕಳೆಯಬಹುದು. ಆದರೆ ‘ಮೇಲಿನ ಯಾವುದೂ ಅಲ್ಲ’ ಎಂಬ ಆಯ್ಕೆಯನ್ನು ಹೀಗೆ ತಿರುಗಿಸಲು ಬರುವುದಿಲ್ಲ, ಅದನ್ನು ಮೇಲಕ್ಕೆ ತಂದರೆ ಅದರ ಅರ್ಥವೇ ಕೆಡುತ್ತದೆ.