ಹನ್ನೆರಡಕ್ಕೆ ಹನ್ನೆರಡು ಅಡಿಯ ಕೋಣೆಗೆ ಎಷ್ಟು ಟನ್ನಿನ ಎಸಿ?

ಕಲಬುರಗಿಯಲ್ಲಿ ನನ್ನ ಅಕ್ಕನ ಮನೆಯ ಮಹಡಿ ಮೇಲೊಂದು ಮಲಗುವ ಕೋಣೆಯಿದೆ. ಉದ್ದ ಹನ್ನೆರಡು ಅಡಿ, ಅಗಲ ಹನ್ನೆರಡು ಅಡಿ, ಎತ್ತರ ಹತ್ತಡಿ. ಪಶ್ಚಿಮದ ಗೋಡೆಯಲ್ಲಿ ನಾಲ್ಕಡಿ ಚೌಕದ ಗಾಜಿನ ಕಿಟಕಿ, ಮೇಲೆ ಬಯಲು ತಾರಸಿ. ಅಕ್ಕ, ಭಾವ, ಮಗಳು ಮೂವರೂ ಅಲ್ಲೇ ಮಲಗುತ್ತಾರೆ. ಎಸಿ ಕೊಳ್ಳಲು ಹೋದಾಗ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: ಕೋಣೆ ಎಷ್ಟು ಚದರ ಅಡಿ? 144 ಎಂದ ಕೂಡಲೇ ಒಂದೂವರೆ ಟನ್ ಬೇಕು ಎಂದರು. ಅಕ್ಕ ನನಗೆ ಫೋನ್ ಮಾಡಿದಳು. ಉತ್ತರ ಸರಿಯಿರಬಹುದು, ಆದರೆ ಪ್ರಶ್ನೆ ಸಾಲದು ಎಂದೆ. ಅದೇ ಅಳತೆಯ ಕೆಳಗಿನ ಕೋಣೆಗೆ ಒಂದು ಟನ್ ಧಾರಾಳವಾಗಿ ಸಾಕು.

ಮೊದಲು ಟನ್ ಎಂದರೇನು ನೋಡೋಣ. ಅದು ಯಂತ್ರದ ತೂಕವಲ್ಲ. ಮಂಜುಗಡ್ಡೆಯಿಂದಲೇ ತಂಪು ಮಾಡುತ್ತಿದ್ದ ಕಾಲದ ಲೆಕ್ಕವಿದು: 2,000 ಪೌಂಡ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗುವಾಗ ಸುತ್ತಲಿನಿಂದ ಎಷ್ಟು ಶಾಖ ಹೀರುತ್ತದೆಯೋ ಅಷ್ಟು ವೇಗದಲ್ಲಿ ಶಾಖವನ್ನು ಹೊರಹಾಕುವ ಸಾಮರ್ಥ್ಯವೇ ಒಂದು ಟನ್. ವ್ಯಾಟ್‌ನಲ್ಲಿ ಹೇಳಿದರೆ ಸುಮಾರು 3,500. ಹಾಗಾಗಿ ನಾವು ಕಂಡುಹಿಡಿಯಬೇಕಾದ್ದು ಇಷ್ಟೇ: ಬೇಸಿಗೆಯ ಅತ್ಯಂತ ಬಿಸಿಯ ಹೊತ್ತಿನಲ್ಲಿ ಆ ಕೋಣೆಯೊಳಗೆ ಎಷ್ಟು ವ್ಯಾಟ್ ಶಾಖ ನುಗ್ಗುತ್ತದೆ? ಎಸಿ ಅಷ್ಟನ್ನೂ ಎತ್ತಿ ಹೊರಗೆ ಹಾಕಬೇಕು.

ಹೊರಗೆ 42 ಡಿಗ್ರಿ, ಒಳಗೆ ನಮಗೆ ಬೇಕಾದದ್ದು 25 ಎಂದುಕೊಳ್ಳಿ. ಇಂಥ ಊರಿನಲ್ಲಿ ಮೇಲೆ ಇನ್ನೊಂದು ಮಹಡಿಯಿರುವ, ನೇರ ಬಿಸಿಲು ಬೀಳದ ಕೋಣೆಗೆ ಪ್ರತಿ ಚದರ ಅಡಿಗೆ 10 ವ್ಯಾಟ್ ಹಿಡಿಯಬಹುದು. ಗೋಡೆಗಳ ಮೂಲಕ ಬರುವ ಶಾಖ, ಬಾಗಿಲ ಸಂದಿಯಿಂದ ನುಸುಳುವ ಬಿಸಿಗಾಳಿ, ದೀಪ, ಫ್ಯಾನ್, ಟಿವಿ ಎಲ್ಲವೂ ಇದರಲ್ಲಿ ಸೇರಿವೆ. ಅಕ್ಕನ ಕೋಣೆಗೆ ಇದು 1,440 ವ್ಯಾಟ್ ಆಗುತ್ತದೆ.

ಇನ್ನು ತಾರಸಿ. ಮೇ ತಿಂಗಳ ರಾತ್ರಿ ಎಂಟು ಗಂಟೆಗೆ ಆ ಕೋಣೆಯಲ್ಲಿ ಸ್ಟೂಲ್ ಹತ್ತಿ ಸೂರಿಗೆ ಅಂಗೈ ಇಟ್ಟಿದ್ದೇನೆ. ಸೂರ್ಯ ಮುಳುಗಿ ಒಂದು ಗಂಟೆ ದಾಟಿತ್ತು, ಆದರೂ ಕಾಂಕ್ರೀಟು ಈಗಷ್ಟೇ ಒಲೆಯಿಂದ ಇಳಿಸಿದ ರೊಟ್ಟಿ ಹಂಚಿನ ಹಿಡಿಯಂತೆ ಬೆಚ್ಚಗಿತ್ತು. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ತಾರಸಿಯ ಪ್ರತಿ ಚದರ ಮೀಟರಿನ ಮೇಲೆ ಸಾವಿರ ವ್ಯಾಟ್‌ನಷ್ಟು ಶಕ್ತಿ ಬೀಳುತ್ತದೆ. ಕಾಂಕ್ರೀಟು ಅದನ್ನು ಹೀರಿಕೊಂಡು, ಹಲವು ಗಂಟೆ ತಡವಾಗಿ, ಸರಿಯಾಗಿ ನಾವು ಮಲಗಲು ಬರುವ ಹೊತ್ತಿಗೆ ಕೆಳಗೆ ಬಿಡುತ್ತದೆ. ಏನೂ ಹೊದಿಸದ ಆರ್‌ಸಿಸಿ ತಾರಸಿಗೆ ಪ್ರತಿ ಚದರ ಅಡಿಗೆ ಇನ್ನೂ 6 ವ್ಯಾಟ್ ಸೇರಿಸಬೇಕು. ಇಲ್ಲಿ ಅದು ಸುಮಾರು 860 ವ್ಯಾಟ್. ಬರೀ ಚದರ ಅಡಿ ಕೇಳಿದವರಿಗೆ ಇದು ಕಾಣುವುದೇ ಇಲ್ಲ.

ದಿಕ್ಕಿನ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ದಕ್ಷಿಣದ ಕಿಟಕಿ ಬಿಸಿ ಎಂಬ ಮಾತು ಯುರೋಪು, ಅಮೆರಿಕಗಳ ಪಾಠದಿಂದ ಬಂದದ್ದು. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಿಂದ ಆಗಸ್ಟ್ ಆರಂಭದವರೆಗೆ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಎಸಿ ಬೇಕೇ ಬೇಕು ಎನಿಸುವ ಮೇ ತಿಂಗಳಿನಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬಹುತೇಕ ಇಲ್ಲ. ಪೂರ್ವದ ಕಿಟಕಿಗೆ ಬಿಸಿಲು ಬರುತ್ತದೆ, ಆದರೆ ಗಾಳಿ ಇನ್ನೂ ಕಾಯದ ಬೆಳಗಿನ ಹೊತ್ತಿನಲ್ಲಿ. ನಿಜವಾಗಿ ಕಾಡುವುದು ಪಶ್ಚಿಮ. ನಾಲ್ಕು ಗಂಟೆಗೆ ಸೂರ್ಯ ಇಳಿಯುತ್ತಾ ಗಾಜನ್ನು ಎದುರಿಗೇ ಹೊಡೆಯುತ್ತಾನೆ, ಹೊರಗಿನ ಗಾಳಿಯೂ ಆಗಲೇ ತೀರಾ ಬಿಸಿಯಾಗಿರುತ್ತದೆ. ನೆರಳಿಲ್ಲದ ಪಶ್ಚಿಮದ ಗಾಜಿಗೆ ಚದರ ಅಡಿಗೆ 35 ವ್ಯಾಟ್ ಹಿಡಿಯಿರಿ. ಅಕ್ಕನ ಹದಿನಾರು ಚದರ ಅಡಿ ಕಿಟಕಿಗೆ 560 ವ್ಯಾಟ್. ಬಿಸಿಲಿಗೆ ಕಾದ ಗೋಡೆಗೆ ಇನ್ನೊಂದು 150.

ಮನುಷ್ಯರ ಲೆಕ್ಕ ಸುಲಭ. ಸುಮ್ಮನೆ ಕುಳಿತವರ ಮೈಯಿಂದ, ಬೆವರು ಮತ್ತು ಉಸಿರಿನ ತೇವವನ್ನೂ ಸೇರಿಸಿ, ತಲಾ 120 ವ್ಯಾಟ್ ಎಂದುಕೊಳ್ಳೋಣ. ಮೂವರಿಗೆ 360. ನಾಲ್ಕು ಜನ ನೆಂಟರು ಬಂದು ಕುಳಿತರೆ ಇನ್ನೂ 480 ಸೇರುತ್ತದೆ. ಇದು ಮಲಗುವ ಕೋಣೆಗಿಂತ ಪಡಸಾಲೆಗೆ ಮುಖ್ಯ.

ಎಲ್ಲ ಕೂಡಿದರೆ 3,370 ವ್ಯಾಟ್. ಕಾಗದದ ಮೇಲೆ ಇದು ಒಂದು ಟನ್ನಿಗೆ ಸ್ವಲ್ಪ ಕಡಿಮೆ. ಕಿಟಕಿ ಉರಿಯುವುದು ನಾಲ್ಕಕ್ಕೆ, ತಾರಸಿ ಸುರಿಯುವುದು ಏಳೆಂಟಕ್ಕೆ, ಆದ್ದರಿಂದ ಎರಡೂ ಪೂರ್ತಿಯಾಗಿ ಒಟ್ಟಿಗೆ ಬರುವುದಿಲ್ಲ. ಹಾಗಾದರೆ ಒಂದು ಟನ್ ಸಾಕೇ? ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಡಬ್ಬಿಯ ಮೇಲೆ ಬರೆದ ಸಾಮರ್ಥ್ಯ ಹೊರಗೆ 35 ಡಿಗ್ರಿ ಇಟ್ಟು ಅಳೆದದ್ದು. 42 ಡಿಗ್ರಿಯಲ್ಲಿ ಹೊರಗಿನ ಘಟಕ ಶಾಖವನ್ನು ಬಿಡಲು ಹೆಣಗುತ್ತದೆ, ಸಾಮರ್ಥ್ಯ ಸುಮಾರು ಹತ್ತನೇ ಒಂದು ಪಾಲು ಕುಸಿಯುತ್ತದೆ. ಆಗ ಒಂದು ಟನ್ನಿನ ಯಂತ್ರದಿಂದ 3,100 ವ್ಯಾಟ್ ಸಿಕ್ಕರೆ ಹೆಚ್ಚು. ಅಕ್ಕನ ಕೋಣೆಗೆ ಇದು ಸಾಲದು, ಒಂದೂವರೆ ಟನ್ ಬೇಕು. ಕೆಳಗಿನ ಕೋಣೆಯಲ್ಲಿ ತಾರಸಿಯ 860 ಇಲ್ಲದ್ದರಿಂದ 2,510 ಆಯಿತು, ಒಂದು ಟನ್ ಧಾರಾಳ. ಕೊಳ್ಳುವಾಗ ಟನ್ ಎಂಬ ಮಾತಿಗಿಂತ ನಕ್ಷತ್ರಗಳಿರುವ ಬಿಇಇ ಲೇಬಲ್‌ನಲ್ಲಿ ಬರೆದ ವ್ಯಾಟ್ ನೋಡಿ. ಒಂದೂವರೆ ಟನ್ ಎಂದರೆ ಲೆಕ್ಕಕ್ಕೆ 5,275 ವ್ಯಾಟ್, ಲೇಬಲ್‌ನಲ್ಲಿ ಅದು ಅನೇಕ ವೇಳೆ 5,000ದ ಆಸುಪಾಸಿನಲ್ಲಿರುತ್ತದೆ.

ಯಾವುದಕ್ಕೂ ಇರಲಿ ಎಂದು ಎರಡು ಟನ್ ತರಬಾರದೇ? ಬೇಡ. ಮಂಗಳೂರಿನಂಥ ಊರಿನಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಎಸಿಯ ಕೆಲಸದ ದೊಡ್ಡದೊಂದು ಪಾಲು ಗಾಳಿಯ ತೇವವನ್ನು ನೀರಾಗಿಸುವುದು. ತಣ್ಣನೆಯ ಸುರುಳಿಯ ಮೇಲೆ ಗಂಟೆಗೆ ಒಂದು ಲೀಟರ್ ನೀರು ಕೂಡಲು ಸುಮಾರು 680 ವ್ಯಾಟ್ ವ್ಯಯವಾಗುತ್ತದೆ. ತೀರಾ ದೊಡ್ಡ ಯಂತ್ರ ಕೆಲವೇ ನಿಮಿಷಗಳಲ್ಲಿ ಗಾಳಿಯನ್ನು ತಣಿಸಿ ನಿಂತುಬಿಡುತ್ತದೆ. ತೇವ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿದ್ದರೂ ಹಾಸಿಗೆ ಜಿಗುಟು. ಇನ್ವರ್ಟರ್ ಯಂತ್ರ ವೇಗ ತಗ್ಗಿಸಿಕೊಂಡು ಇದನ್ನು ಬಹುಮಟ್ಟಿಗೆ ತಪ್ಪಿಸುತ್ತದೆ, ಆದರೆ ಅದೂ ಒಂದು ಮಿತಿಗಿಂತ ಕೆಳಗಿಳಿಯಲಾರದು.

ಆಯ್ಕೆ ಸರಿಯಾಯಿತೇ ಎಂದು ತಿಳಿಯಲು ಬೇಸಿಗೆಯ ಕೆಟ್ಟ ಸಂಜೆಯೊಂದರಲ್ಲಿ 25ಕ್ಕೆ ಇಟ್ಟು ಎರಡು ಗಂಟೆ ಬಿಡಿ. ಹೊರಗಿನ ಘಟಕ ಬಹುತೇಕ ಬಿಡದೆ ಓಡುತ್ತಾ ಕೋಣೆ 25ರಲ್ಲಿ ನಿಂತರೆ ಅಳತೆ ಸರಿ. ಐದೈದು ನಿಮಿಷಕ್ಕೆ ನಿಂತು ಶುರುವಾದರೆ ಯಂತ್ರ ದೊಡ್ಡದು. ಫಿಲ್ಟರ್ ಶುಚಿಯಾಗಿದ್ದೂ 28ರಿಂದ ಕೆಳಗೆ ಇಳಿಯದಿದ್ದರೆ ಚಿಕ್ಕದು.

ಅಕ್ಕ ಕೊನೆಗೆ ಒಂದು ಟನ್ನನ್ನೇ ತಂದಳು, ಆದರೆ ಮೊದಲು ಕೋಣೆಯನ್ನು ಬದಲಿಸಿದಳು. ತಾರಸಿಗೆ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಬಳಿಸಿದಳು, ಪಶ್ಚಿಮದ ಕಿಟಕಿಯ ಹೊರಗೆ ಬಿದಿರಿನ ಪರದೆ ಇಳಿಬಿಟ್ಟಳು. ಒಳಗೆ ಪರದೆ ಹಾಕಿದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ, ಅದಕ್ಕೇ ಹೊರಗೆ. ತಾರಸಿಯಿಂದ ಸುಮಾರು 400, ಕಿಟಕಿಯಿಂದ 400 ಕಳೆದು, 3,370 ಇದ್ದದ್ದು 2,570ಕ್ಕೆ ಇಳಿಯಿತೆಂದು ನನ್ನ ಲೆಕ್ಕ. ಹೋದ ಮೇ ತಿಂಗಳಿನಲ್ಲಿ ಮತ್ತೆ ಸ್ಟೂಲ್ ಹತ್ತಿ ಸೂರು ಮುಟ್ಟಿದೆ. ಬಿಸಿ ಪೂರ್ತಿ ಹೋಗಿರಲಿಲ್ಲ, ಆದರೆ ಹಂಚಿನ ಹಿಡಿಯ ನೆನಪಾಗಲಿಲ್ಲ.